ಜಮೀನು ಕೊಳ್ಳಬಹುದು, ಮನೆ ಕಟ್ಟಬಹುದೇ?

ನನ್ನ ಸೋದರತ್ತೆಯ ಮಗ ಮತ್ತು ಅವನ ಮೂವರು ಸಹೋದ್ಯೋಗಿಗಳು 2021ರಲ್ಲಿ ತುಮಕೂರು ಕಡೆ ಇಪ್ಪತ್ತು ಗುಂಟೆ ಖುಷ್ಕಿ ಜಮೀನು ಕೊಂಡರು. ನಾಲ್ವರೂ ಸಂಬಳದವರು, ಯಾರ ಮನೆಯಲ್ಲೂ ಉಳುಮೆ ಇಲ್ಲ. ನೋಂದಣಿ ಸಲೀಸಾಗಿ ಆಯಿತು, ಪಹಣಿಯಲ್ಲಿ ನಾಲ್ಕು ಹೆಸರೂ ಬಂದವು. ತಲಾ ಐದು ಗುಂಟೆ ಹಂಚಿಕೊಂಡು ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ಕೇಳಿದ್ದು ಭೂಪರಿವರ್ತನೆ ಆದೇಶ. "ಕಾನೂನೇ ಬದಲಾಗಿದೆಯಲ್ಲ, ಇನ್ನೇನು ಪರಿವರ್ತನೆ?" ಎಂದು ಅವನು ನನಗೆ ಫೋನ್ ಮಾಡಿದ.

ಬದಲಾಗಿದ್ದು ನಿಜ. 1961ರ ಕರ್ನಾಟಕ ಭೂ ಸುಧಾರಣಾ ಕಾಯಿದೆಯ 79ಎ ಕಲಮಿನ ಪ್ರಕಾರ ಕೃಷಿಯೇತರ ವರಮಾನ ಒಂದು ಮಿತಿ ದಾಟಿದವರು ಜಮೀನು ಕೊಳ್ಳುವಂತಿರಲಿಲ್ಲ. ಕೃಷಿಕರಲ್ಲದವರಿಗೆ 79ಬಿ ಬಾಗಿಲು ಹಾಕಿತ್ತು. 2020ರ ತಿದ್ದುಪಡಿ ಈ ಕಲಮುಗಳನ್ನು ತೆಗೆದುಹಾಕಿತು. ಆದರೂ ಎಲ್ಲ ಅಡ್ಡಿಗಳೂ ಹೋಗಲಿಲ್ಲ. ಒಂದು ಕುಟುಂಬ ಎಷ್ಟು ಜಮೀನು ಇಟ್ಟುಕೊಳ್ಳಬಹುದೆಂಬ ಮಿತಿ ಈಗಲೂ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಡಿ ಆ ಕ್ರಯ ಊರ್ಜಿತವಾಗುವುದಿಲ್ಲ. ಎಷ್ಟು ವರ್ಷ ಕಳೆದರೂ ವಾಪಸು ಕೇಳಬಹುದೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ವಿದೇಶದಲ್ಲಿ ನೆಲೆಸಿರುವ ನಮ್ಮವರಿಗೂ ಅಡ್ಡಿ ಉಂಟು: ಅನಿವಾಸಿ ಭಾರತೀಯರು ಮನೆ, ನಿವೇಶನ ಕೊಳ್ಳಬಹುದು, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು.

ಇಷ್ಟೆಲ್ಲ ಆದದ್ದು "ಯಾರು ಕೊಳ್ಳಬಹುದು" ಎಂಬ ಪ್ರಶ್ನೆಗೆ. ಕೊಂಡ ನೆಲವನ್ನು ಯಾವುದಕ್ಕೆ ಬಳಸಬಹುದು ಎಂಬುದನ್ನು ಹೇಳುವುದು ಬೇರೆಯೇ ಕಾನೂನು, 1964ರ ಭೂ ಕಂದಾಯ ಕಾಯಿದೆ. ಅದರ 95ನೇ ಕಲಮಿನ ಪ್ರಕಾರ ರೈತ ತನ್ನ ಹೊಲದಲ್ಲಿ ಬಾವಿ ತೋಡಬಹುದು, ಬೇಸಾಯಕ್ಕೆ ಬೇಕಾದ ಕಟ್ಟಡವನ್ನು ಮಿತಿಯೊಳಗೆ ಕಟ್ಟಬಹುದು, ಅದಕ್ಕೆ ಪರಿವರ್ತನೆ ಬೇಕಿಲ್ಲ. ಬೇಸಾಯಕ್ಕೆ ಸಂಬಂಧವಿಲ್ಲದ ವಾಸದ ಮನೆಗಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಆ ಅನುಮತಿಗೇ ಪರಿವರ್ತನೆ ಎನ್ನುತ್ತೇವೆ.

ಇದು ಬರೀ ಶುಲ್ಕ ವಸೂಲಿ ಎಂದು ಹಲವರು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ನಾಲ್ವರಲ್ಲಿ ಒಬ್ಬ, "ನಾವು ಕಟ್ಟೋದು ಬೇಡ, 30–40ರ ಸೈಟ್ ಮಾಡಿ ಮಾರೋಣ" ಎಂದಿದ್ದ. ಒಂದು ಗುಂಟೆ ಎಂದರೆ 1,089 ಚದರಡಿ, ಇಪ್ಪತ್ತು ಗುಂಟೆಗೆ 21,780. ಒಂದು ಸೈಟಿಗೆ 1,200 ಚದರಡಿಯಂತೆ ಹದಿನೆಂಟು ಸೈಟು ಮಾಡಿದರೆ ಉಳಿಯುವುದು 180 ಚದರಡಿ. ರಸ್ತೆ ಎಲ್ಲಿ, ಚರಂಡಿ ಎಲ್ಲಿ? ಕಂದಾಯ ನಿವೇಶನಗಳಲ್ಲಿ ಮಳೆ ಬಂದಾಗ ಮನೆಯೊಳಗೆ ನೀರು ನುಗ್ಗುವುದು, ಆಂಬುಲೆನ್ಸ್ ತಿರುಗಲಾಗದೆ ನಿಲ್ಲುವುದು ಈ ಲೆಕ್ಕದಿಂದಲೇ. ಪರಿವರ್ತನೆಗೆ ಅರ್ಜಿ ಹಾಕಿದಾಗ ಆ ಸರ್ವೆ ನಂಬರು ಮಹಾಯೋಜನೆಯಲ್ಲಿ ವಸತಿ ವಲಯದಲ್ಲಿದೆಯೋ ಹಸಿರು ವಲಯದಲ್ಲಿದೆಯೋ, ದಾರಿ ಇದೆಯೋ, ಹಳ್ಳ ಹಾದುಹೋಗಿದೆಯೋ ಎಂಬುದೆಲ್ಲ ಪರಿಶೀಲನೆಗೆ ಬರುತ್ತದೆ. ಆದೇಶ ಸಿಕ್ಕ ಮೇಲೂ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ, ಮನೆಗೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇರೆಯಾಗಿ ಬೇಕು. ಪರಿವರ್ತನೆ ಆದೇಶವನ್ನೇ ಕಟ್ಟಡದ ಪರವಾನಗಿ ಎಂದು ತೋರಿಸಿ ಮಾರುವವರಿದ್ದಾರೆ, ಎಚ್ಚರ.

ನಮ್ಮವರ ಪಹಣಿಯನ್ನು ನಾನು ಕೂತು ಓದಿದೆ. ವಿಸ್ತೀರ್ಣದ ಕಾಲಮಿನಲ್ಲಿ ಖರಾಬು ಎಂದು ಎರಡು ಸಾಲು ಇರುತ್ತವೆ. 'ಎ' ಖರಾಬು ಬಂಡೆ, ಕಲ್ಲು ಇತ್ಯಾದಿಯಿಂದ ಬೇಸಾಯಕ್ಕೆ ಬಾರದ ನೆಲ. 'ಬಿ' ಖರಾಬು ಸಾರ್ವಜನಿಕ ದಾರಿ, ಹಳ್ಳ, ಕೆರೆಯಂಥದ್ದು, ಅದನ್ನು ಯಾರೂ ಮಾರುವಂತಿಲ್ಲ. ಆ ಸರ್ವೆ ನಂಬರಿನಲ್ಲಿ ಎರಡು ಗುಂಟೆ 'ಬಿ' ಖರಾಬು ನಮೂದಾಗಿತ್ತು. ಭೂಮಾಪಕರು ಸರಪಳಿ ಹಿಡಿದು ಅಳೆದಾಗ ತಿಳಿಯಿತು: ಇವರು ಬೇಲಿ ಹಾಕಿಕೊಂಡ ಪೂರ್ವದ ಅಂಚು ಹಳ್ಳದ ನೆಲ. ಅಲ್ಲೇ ಒಬ್ಬ ಪಾಯ ತೆಗೆಸಲು ಗುರುತು ಹಾಕಿಸಿದ್ದ.

ಕೊಳ್ಳುವ ಮೊದಲೇ ಇದನ್ನು ನೋಡಿಸಬಹುದಿತ್ತು. ಸರ್ವೆ ನಂಬರಿನ ಒಂದು ಭಾಗ ಕೊಳ್ಳುವಾಗ 11ಇ ನಕ್ಷೆ ಆಗಲೇಬೇಕು, ಅದರಲ್ಲಿ ಗಡಿ ಕಾಣುತ್ತದೆ. ಇವರ ಬಳಿ ನಕ್ಷೆ ಇತ್ತು, ಅದನ್ನು ನೆಲದ ಮೇಲೆ ಇಟ್ಟು ನೋಡಿದವರು ಇರಲಿಲ್ಲ. ಮೂಲ ಮಂಜೂರಾತಿ ಯಾರ ಹೆಸರಿಗೆ ಆಗಿತ್ತು ಎಂಬುದನ್ನು ಹಳೆಯ ಮ್ಯುಟೇಶನ್‌ಗಳಲ್ಲಿ ಹಿಂದಕ್ಕೆ ಹೋಗಿ ಹುಡುಕಿದೆವು. ಅದೃಷ್ಟಕ್ಕೆ ಅದು ಮಂಜೂರಾತಿ ಜಮೀನಲ್ಲ.

ಈಗ ಬೇಲಿ ಒಳಗೆ ಸರಿದಿದೆ. ನಾಲ್ವರೂ ಸೇರಿ ಪ್ರಮಾಣಪತ್ರದೊಂದಿಗೆ ಆನ್‌ಲೈನ್ ಅರ್ಜಿ ಹಾಕಿದ್ದಾರೆ. ಈ ಮುಂಗಾರಿಗೆ ಜಮೀನು ಮಾರಿದ ರೈತನೇ ಅಲ್ಲಿ ರಾಗಿ ಬಿತ್ತಿದ್ದಾನೆ.