ಮೆಟ್ಟಿಲು, ಆರು ನಿಮಿಷ ಮತ್ತು ನಾಡಿ

ಮೂರನೇ ಮಹಡಿಯ ತರಗತಿಗೆ ಹತ್ತಿ ಬಂದು ಏದುಸಿರು ಬಿಡುವಾಗ ನಾವೆಲ್ಲ ನಗುತ್ತೇವೆ. ಆದರೆ ಆ ಏದುಸಿರನ್ನು ಅಳೆಯಬಹುದು. ಅದಕ್ಕೆ ಗಡಿಯಾರ ಮತ್ತು ಎರಡು ಬೆರಳು ಸಾಕು.

ಮೊದಲು ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ನಾಡಿ ಎಣಿಸಿ. 15 ಸೆಕೆಂಡಿನ ಲೆಕ್ಕವನ್ನು ನಾಲ್ಕರಿಂದ ಗುಣಿಸಿದರೆ ಒಂದು ನಿಮಿಷದ್ದು ಸಿಗುತ್ತದೆ. ನಂತರ ಓಡದೆ, ನಿಲ್ಲದೆ 60 ಮೆಟ್ಟಿಲು ಹತ್ತಿ. ಒಂದು ನಿಮಿಷದೊಳಗೆ ಮುಗಿದರೆ ಒಳ್ಳೆಯದು; ಒಂದೂವರೆ ನಿಮಿಷ ಮೀರಿದರೆ ಗಮನ ಕೊಡಬೇಕು. ನಿಂತ ತಕ್ಷಣವೇ ನಾಡಿ ಎಣಿಸಿ, ಏಕೆಂದರೆ ಅದು ಬೇಗ ಇಳಿಯುತ್ತದೆ. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ.

ಮಂಡಿ ನೋವಿರುವವರಿಗೆ, ಹಿರಿಯರಿಗೆ ಆರು ನಿಮಿಷದ ನಡಿಗೆ ಸೂಕ್ತ. ಆಸ್ಪತ್ರೆಗಳಲ್ಲಿ ಇದನ್ನು ಸಾಮಾನ್ಯವಾಗಿ 30 ಮೀಟರ್ ಉದ್ದದ ಕಾರಿಡಾರಿನಲ್ಲಿ ಮಾಡಿಸುತ್ತಾರೆ. ನಾನು ನಮ್ಮ ಗಲ್ಲಿಯಲ್ಲಿ ಟೇಪಿನಿಂದ 30 ಮೀಟರ್ ಅಳೆದು, ಎರಡೂ ತುದಿಗೆ ಇಟ್ಟಿಗೆ ಇಟ್ಟು, ಅಮ್ಮಿಯನ್ನು ನಡೆಸಿದೆ. ಸುಸ್ತಾದರೆ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಕೊನೆಗೆ ಏದುಸಿರಿಗೆ ಅವರೇ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಬೇಕು.

ಜನವರಿಯಲ್ಲಿ ಅಮ್ಮಿ 15 ಸಲ ಗಲ್ಲಿ ದಾಟಿದರು, ಅಂದರೆ 450 ಮೀಟರ್. ನಾಡಿ 104, ಏದುಸಿರು 3. ಮಾರ್ಚ್‌ನಲ್ಲಿ ಅದೇ ಗಲ್ಲಿಯಲ್ಲಿ 375 ಮೀಟರ್ ಮಾತ್ರ. "ವಯಸ್ಸಾಯ್ತು ಬೇಟಾ, ಕಾಲು ಓಡಲ್ಲ" ಎಂದರು. ದೂರವೊಂದನ್ನೇ ನೋಡಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ನಾಡಿ 128 ಇತ್ತು, ಏದುಸಿರು 6. ಬರೀ ನಿಧಾನವಾಗಿ ನಡೆದಿದ್ದರೆ ನಾಡಿ ಕಡಿಮೆ ಇರಬೇಕಿತ್ತು. ಕಡಿಮೆ ನಡೆದು ನಾಡಿ ಹೆಚ್ಚಾಗಿದೆ ಎಂದರೆ ಹೃದಯ ಹೆಚ್ಚು ದುಡಿಯುತ್ತಿದೆ ಎಂದರ್ಥ. ಲೆಕ್ಕಪುಸ್ತಕದ ಹಾಗೆ ಎರಡೂ ಕಡೆಯನ್ನು ಒಟ್ಟಿಗೆ ಓದಬೇಕು.

ಕಾರಣ ಏನೆಂದು ಈ ಪರೀಕ್ಷೆ ಹೇಳುವುದಿಲ್ಲ. ಅದನ್ನು ಡಾಕ್ಟರ್ ಹುಡುಕಿದರು. ಅಮ್ಮಿಯ ಹಿಮೋಗ್ಲೋಬಿನ್ 8.6 ಇತ್ತು. ರಕ್ತ ಆಮ್ಲಜನಕವನ್ನು ಕಡಿಮೆ ಹೊತ್ತರೆ, ಹೃದಯ ಹೆಚ್ಚು ಸಲ ಬಡಿದು ಆ ಕೊರತೆ ತುಂಬಬೇಕಾಗುತ್ತದೆ. ಕಬ್ಬಿಣಾಂಶದ ಮಾತ್ರೆ ಶುರುವಾಗಿ ಮೂರು ತಿಂಗಳಾದ ಮೇಲೆ ಅಮ್ಮಿ ಮತ್ತೆ 440 ಮೀಟರ್ ನಡೆದರು, ನಾಡಿ 108.

ಲೆಕ್ಕ ತಪ್ಪುವುದೂ ಉಂಟು. ಗಲ್ಲಿ ಚಿಕ್ಕದಾದರೆ ಹೆಚ್ಚು ಸಲ ತಿರುಗಬೇಕಾಗಿ ದೂರ ಕಡಿಮೆಯಾಗುತ್ತದೆ. ಊಟವಾದ ಕೂಡಲೇ, ಬಿಸಿಲಿನಲ್ಲಿ, ಜ್ವರವಿದ್ದಾಗ ನಾಡಿ ಹೆಚ್ಚಿರುತ್ತದೆ. ಬಿಪಿಯ ಕೆಲವು ಮಾತ್ರೆಗಳು ನಾಡಿಯನ್ನು ಏರಲು ಬಿಡುವುದಿಲ್ಲ; ಅಂಥವರಲ್ಲಿ ಏದುಸಿರಿನ ಅಂಕವನ್ನೇ ಹೆಚ್ಚು ನಂಬಬೇಕು. ಹಾಗಾಗಿ ಅದೇ ಜಾಗ, ಅದೇ ಹೊತ್ತು ಇರಲಿ. ನಿಮ್ಮನ್ನು ನಿಮ್ಮ ಹಿಂದಿನ ಲೆಕ್ಕದೊಂದಿಗೆ ಮಾತ್ರ ಹೋಲಿಸಿ.

ಎದೆನೋವು, ತಲೆಸುತ್ತು, ತಣ್ಣನೆ ಬೆವರು ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹೃದಯದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು.