ಬಾರ್‌ಕೋಡಿನ ಕಾಣದ ಅಂಕಿ

ಪುತ್ತೂರಿನ ಓದುಗರೊಬ್ಬರು ಎರಡು ಫೋಟೊ ಕಳಿಸಿದ್ದಾರೆ. ಎರಡರಲ್ಲೂ ನುಟೆಲ್ಲಾ ಬಾಟಲಿ. ಒಂದು ಫ್ರಾನ್ಸಿನಲ್ಲಿ ಓದುತ್ತಿರುವ ಮಗಳು ತಂದದ್ದು, ಇನ್ನೊಂದು ಮಂಗಳೂರಿನ ಅಂಗಡಿಯಲ್ಲಿ ಕೊಂಡದ್ದು. ಮನೆಯ ಮಕ್ಕಳು ರುಚಿ ಬೇರೆ ಎನ್ನುತ್ತಾರಂತೆ. “ವಾಟ್ಸ್‌ಆ್ಯಪಿನಲ್ಲಿ ಬಂದ ಪಟ್ಟಿಯ ಪ್ರಕಾರ 3ರಿಂದ ಶುರುವಾದರೆ ಫ್ರಾನ್ಸ್, 890 ಇದ್ದರೆ ಭಾರತ, 690 ಇದ್ದರೆ ಚೀನಾ. ನಮ್ಮ ಎರಡನೇ ಬಾಟಲಿಯ ಅಂಕಿಗಳ ಮೇಲೆ ಬೆಳಕು ಹೊಡೆದು ಏನೂ ಕಾಣುತ್ತಿಲ್ಲ. ಅದು ಎಲ್ಲಿ ತಯಾರಾದದ್ದು?” ಎಂಬುದು ಅವರ ಪ್ರಶ್ನೆ.

ಆ ಪಟ್ಟಿಯನ್ನು ದಯವಿಟ್ಟು ಅಳಿಸಿಹಾಕಿ. ವರ್ಷಗಳಿಂದ ಸುತ್ತುತ್ತಿರುವ ಈ ಸಂದೇಶ ಜನರನ್ನು ಸುಮ್ಮನೆ ಹೆದರಿಸುತ್ತಿದೆ. ಬಾರ್‌ಕೋಡಿನ ಮೊದಲ ಮೂರು ಅಂಕಿ ಹೇಳುವುದು ಇಷ್ಟೇ: ಕಂಪನಿ ತನ್ನ ಸಂಖ್ಯೆಯನ್ನು, ಇಂಥ ಸಂಖ್ಯೆಗಳನ್ನು ಹಂಚುವ ಜಿಎಸ್‌ಒನ್ ಸಂಸ್ಥೆಯ ಯಾವ ದೇಶದ ಕಚೇರಿಯಿಂದ ಪಡೆಯಿತು ಎಂದು. ಭಾರತದಲ್ಲಿ ಸಂಖ್ಯೆ ಪಡೆದ ಕಂಪನಿ ಚೀನಾದಲ್ಲಿ ಮಾಡಿಸಿದ ಮಾಲಿನ ಮೇಲೂ 890 ಇರುತ್ತದೆ. ನಿಮ್ಮ ಕಪಾಟಿನಲ್ಲಿರುವ ಯಾವುದಾದರೂ ಹೊಸ ಕನ್ನಡ ಪುಸ್ತಕದ ಹಿಂಬದಿ ನೋಡಿ. ಬೆಂಗಳೂರಿನಲ್ಲೇ ಅಚ್ಚಾಗಿದ್ದರೂ ಅಲ್ಲಿನ ಬಾರ್‌ಕೋಡ್ 978ರಿಂದ ಶುರುವಾಗುತ್ತದೆ. 978 ಎಂಬುದು ಯಾವ ದೇಶವೂ ಅಲ್ಲ, ಪುಸ್ತಕಗಳಿಗೆಂದೇ ಮೀಸಲಿಟ್ಟ ಸಂಖ್ಯೆ.

ಇನ್ನು ಬೆಳಕು ಹೊಡೆದ ಫೋಟೊ. ಅದರಲ್ಲಿ ಅಂಕಿ ಕಾಣದಿದ್ದರೂ ಗೆರೆಗಳು ಸ್ಪಷ್ಟವಾಗಿದ್ದವು. ಅದನ್ನು ದೊಡ್ಡದು ಮಾಡಿ ಕೂತು ಓದಿದ್ದು ಈ ವಾರದ ನನ್ನ ಅತ್ಯಂತ ಸಂತೋಷದ ಕೆಲಸ. ಏಕೆಂದರೆ ಈ ಬಾರ್‌ಕೋಡಿನಲ್ಲಿ ನಾನು ಎಷ್ಟು ಸಲ ನೋಡಿದರೂ ಬೆರಗಾಗುವ ಒಂದು ಜಾಣ್ಮೆ ಇದೆ. ಸಂಖ್ಯೆಯಲ್ಲಿ ಅಂಕಿಗಳು 13, ಆದರೆ ಗೆರೆಗಳಲ್ಲಿ ಬರೆದಿರುವುದು 12 ಮಾತ್ರ: ನಡುವಿನ ಉದ್ದ ಗೆರೆಗಳ ಎಡಕ್ಕೆ ಆರು, ಬಲಕ್ಕೆ ಆರು. ಮೊದಲ ಅಂಕಿಗೆ ಗೆರೆಯೇ ಇಲ್ಲ!

ಅದು ಎಲ್ಲಿದೆ? ಪ್ರತಿ ಅಂಕಿಗೂ ಚೌಕಾಬಾರದ ಹಾಗೆ ಸಮ ಅಗಲದ ಏಳು ಮನೆಗಳಿವೆ. ಕೆಲವು ಕಪ್ಪು, ಕೆಲವು ಬಿಳಿ. ಎಡಭಾಗದಲ್ಲಿ ಪ್ರತಿ ಅಂಕಿಯನ್ನೂ ಎರಡು ರೀತಿ ಬರೆಯಬಹುದು. ಉದಾಹರಣೆಗೆ ಸೊನ್ನೆಯನ್ನು ಮೂರು ಕಪ್ಪು ಮನೆಗಳಿಂದ ಬರೆದರೆ ಅದು ಬೆಸ ರೂಪ, ನಾಲ್ಕರಿಂದ ಬರೆದರೆ ಸಮ ರೂಪ. ಎರಡೂ ಸೊನ್ನೆಯೇ. ಆದರೆ ಎಡದ ಆರು ಅಂಕಿಗಳಲ್ಲಿ ಯಾವುದು ಬೆಸ, ಯಾವುದು ಸಮ ಎಂಬ ಸರಣಿಯೇ ಆ ಕಾಣದ ಮೊದಲ ಅಂಕಿ. ಬೆಸ-ಬೆಸ-ಸಮ-ಸಮ-ಸಮ-ಬೆಸ ಎಂದಾದರೆ 3. ಬೆಸ-ಸಮ-ಬೆಸ-ಸಮ-ಸಮ-ಬೆಸ ಎಂದಾದರೆ 8. ಆರೂ ಬೆಸವಾದರೆ 0. ಅಮೆರಿಕದಲ್ಲಿ 1974ರಿಂದ ಬಳಕೆಯಲ್ಲಿದ್ದ 12 ಅಂಕಿಯ ಬಾರ್‌ಕೋಡಿನ ಎಡಭಾಗವೆಲ್ಲ ಬೆಸವೇ ಆಗಿತ್ತು. ಯುರೋಪಿನವರು ಅದರ ಗೆರೆಗಳ ಸಂಖ್ಯೆಯನ್ನು ಒಂದಿಷ್ಟೂ ಹೆಚ್ಚಿಸದೆ ಇನ್ನೊಂದು ಅಂಕಿಯನ್ನು ಒಳಗೆ ಸೇರಿಸಿಬಿಟ್ಟರು.

ಮಂಗಳೂರಿನ ಬಾಟಲಿಯ ಎಡಭಾಗದಲ್ಲಿ ನನಗೆ ಸಿಕ್ಕಿದ್ದು 0, 0, 0, 5, 0, 0. ಐದು ಸೊನ್ನೆಗಳಿದ್ದರೂ ಅವೆಲ್ಲ ಒಂದೇ ತರ ಕಾಣುವುದಿಲ್ಲ. ಮೊದಲನೆಯದು ಮೂರು ಕಪ್ಪು ಮನೆಯದು, ಎರಡನೆಯದು ನಾಲ್ಕರದು, ಮೂರನೆಯದು ಮತ್ತೆ ಮೂರರದು. ನಂತರದ 5 ಸಮ ರೂಪದಲ್ಲಿದೆ, ಅದರಾಚೆಯ ಸೊನ್ನೆ ಸಮ, ಕೊನೆಯದು ಬೆಸ. ಸರಣಿ 8 ಎನ್ನುತ್ತದೆ. ಅಂದರೆ ಸಂಖ್ಯೆ ಶುರುವಾಗುವುದು 8000500 ಎಂದು. 800ರಿಂದ 839ರವರೆಗಿನವು ಇಟಲಿಯ ಕಚೇರಿಗೆ ಸೇರಿದವು, 8000500 ಎಂಬುದು ನುಟೆಲ್ಲಾದ ಯಜಮಾನ ಫೆರೆರೊ ಕಂಪನಿ ಅಲ್ಲಿ ಪಡೆದ ಸಂಖ್ಯೆ.

ಬಲಭಾಗದ ಅಂಕಿಗಳಲ್ಲಿ ಕಪ್ಪು ಮನೆಗಳು ಯಾವಾಗಲೂ ಸಮಸಂಖ್ಯೆಯಲ್ಲಿರುತ್ತವೆ, ಎಡಭಾಗದ ಮೊದಲನೆಯದು ಯಾವಾಗಲೂ ಬೆಸ. ಹಾಗಾಗಿ ಬಾಟಲಿ ತಲೆಕೆಳಗಾಗಿದ್ದರೂ ಯಂತ್ರಕ್ಕೆ ಯಾವ ತುದಿಯಿಂದ ಓದಬೇಕೆಂದು ತಿಳಿಯುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದು ಅಕ್ಷರಗಳೆಲ್ಲ ಕನ್ನಡಿಯಲ್ಲಿನಂತೆ ತಿರುಗಿದ ಫೋಟೊದಿಂದಲೂ ಗೆರೆಗಳನ್ನು ಸರಿಯಾಗಿ ಓದಬಹುದು. ಬರೀ ಗೆರೆಗಳಿಗೆ ಕನ್ನಡಿಯೂ ಒಂದೇ, ತಲೆಕೆಳಗೂ ಒಂದೇ.

ಮಗಳ ಬಾಟಲಿಯಲ್ಲಿ ಅಂಕಿಗಳು ಕಾಣುತ್ತಿದ್ದವು: 3017620422003. ಫೋಟೊದಿಂದ ಓದಿದ ಸಂಖ್ಯೆಯನ್ನು ನಾನು ಪರೀಕ್ಷಿಸದೆ ನಂಬುವುದಿಲ್ಲ. ಕೊನೆಯದನ್ನು ಬಿಟ್ಟು ಎಡದಿಂದ 1, 3, 5ನೇ ಸ್ಥಾನ ಹೀಗೆ ಬೆಸ ಸ್ಥಾನಗಳ ಅಂಕಿಗಳನ್ನು ಕೂಡಿದರೆ 12. ಸಮ ಸ್ಥಾನಗಳವನ್ನು ಕೂಡಿದರೆ 15, ಅದರ ಮೂರು ಪಟ್ಟು 45. ಒಟ್ಟು 57. ಮುಂದಿನ ಹತ್ತಕ್ಕೆ, ಅಂದರೆ 60ಕ್ಕೆ, ಬೇಕಾದದ್ದು 3, ಕೊನೆಯ ಅಂಕಿಯೂ 3. ಮಸುಕಿನಲ್ಲಿ 6 ಅನ್ನು 8 ಎಂದು ಓದಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ.

ಹಾಗಾದರೆ ಎರಡೂ ಬೇರೆ ಬೇರೆ ಸಂಖ್ಯೆ ಹೊತ್ತ ಬಾಟಲಿಗಳು. ಆದರೆ ಯಾವ ಮಾರುಕಟ್ಟೆಗೆಂದು ಮಾಡಿದವು ಎಂಬುದನ್ನು ಹೇಳುವುದು ಲೇಬಲ್ಲಿನ ಭಾಷೆ. ಫ್ರೆಂಚ್ ಒಂದೇ ಇದ್ದರೆ ಫ್ರಾನ್ಸ್ ಇರಬಹುದು. ಜೊತೆಗೆ ಡಚ್ ಇದ್ದರೆ ಬೆಲ್ಜಿಯಂ, ಇಂಗ್ಲಿಷ್ ಇದ್ದರೆ ಕೆನಡಾ, ಜರ್ಮನ್ ಮತ್ತು ಇಟಾಲಿಯನ್ ಎರಡೂ ಇದ್ದರೆ ಸ್ವಿಟ್ಜರ್ಲೆಂಡ್ ಎಂದು ಊಹಿಸಬಹುದು. ಅರೇಬಿಕ್ ಇದ್ದರೆ ಕೊಲ್ಲಿ ದೇಶಗಳತ್ತ ನೋಡಬೇಕು. ಭಾರತವನ್ನು ಗುರುತಿಸಲು ಭಾಷೆಗಿಂತ ಚಿಹ್ನೆಗಳೇ ವಾಸಿ: ಚೌಕದೊಳಗಿನ ಹಸಿರು ಚುಕ್ಕೆ, ಎಂಆರ್‌ಪಿ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ. ಹೊರಗಿನಿಂದ ಅಧಿಕೃತವಾಗಿ ಬಂದ ಮಾಲಿನ ಮೇಲೆ ಇವನ್ನೂ ಆಮದುದಾರರ ಹೆಸರು, ವಿಳಾಸವನ್ನೂ ಸ್ಟಿಕ್ಕರಿನಲ್ಲಿ ಅಂಟಿಸಲು ಅವಕಾಶವಿದೆ. ಮಂಗಳೂರಿನ ಬಾಟಲಿಯಲ್ಲಿ ಅಂಥ ಸ್ಟಿಕ್ಕರಿನ ಅಂಚು ಕಾಣುತ್ತಿದೆ. ತಯಾರಿಕೆಯ ಊರು ಇರುವುದು ಬಾಟಲಿಯ ಹಿಂಬದಿಯಲ್ಲಿ, ಅದು ಈ ಫೋಟೊದಲ್ಲಿ ಇಲ್ಲ.

ರುಚಿಯ ಪ್ರಶ್ನೆಗೆ ಬಾರ್‌ಕೋಡ್ ಒಂದೇ ಸಾಲದು. 2017ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಗ್ರಾಹಕ ಸಂಸ್ಥೆಯೊಂದು ಲೇಬಲ್ಲುಗಳನ್ನು ಹೋಲಿಸಿ, ನುಟೆಲ್ಲಾದ ಹಾಲಿನ ಪುಡಿ ಶೇ. 7.5ರಿಂದ 8.7ಕ್ಕೆ ಏರಿದೆ ಎಂದು ತೋರಿಸಿತು. ಇಂಥ ಸಣ್ಣ ಬದಲಾವಣೆಗೆ ಕಂಪನಿಗಳು ಹೊಸ ಬಾರ್‌ಕೋಡ್ ಹಾಕಲೇಬೇಕೆಂದಿಲ್ಲ. ಕಾಲವನ್ನು ಹಿಡಿದುಕೊಡುವುದು ಬ್ಯಾಚ್ ನಂಬರ್. ಯುರೋಪಿನ ಮಾಲಿನಲ್ಲಿ ಅದು ಸಾಮಾನ್ಯವಾಗಿ L ಅಕ್ಷರದಿಂದ ಶುರುವಾಗುತ್ತದೆ. ಮುಂದಿನ ಅಂಕಿಗಳ ಅರ್ಥ ಕಂಪನಿಗೇ ಗೊತ್ತು. ಆದರೆ ಅನೇಕರು ವರ್ಷದ ಎಷ್ಟನೇ ದಿನ ಎಂಬುದನ್ನು ಬರೆಯುತ್ತಾರೆ. L123 ಎಂದಿದ್ದರೆ 123ನೇ ದಿನ, ಅಧಿಕ ವರ್ಷವಲ್ಲದಿದ್ದರೆ ಮೇ 3. ನುಟೆಲ್ಲಾದ ಬಾಳಿಕೆ ಸುಮಾರು ಒಂದು ವರ್ಷ. ಬಳಕೆಯ ಕೊನೆಯ ದಿನಾಂಕ ಮರುವರ್ಷದ ಮೇ ಹತ್ತಿರ ಬಿದ್ದರೆ ಊಹೆ ನಿಲ್ಲುತ್ತದೆ, ನವೆಂಬರ್ ಎಂದಿದ್ದರೆ ಬಿಟ್ಟುಬಿಡಬೇಕು.

ಆದ್ದರಿಂದ ಪುತ್ತೂರಿನ ಅಕ್ಕನವರಿಗೆ ನನ್ನ ವಿನಂತಿ: ಎರಡೂ ಬಾಟಲಿಗಳ ಪದಾರ್ಥಗಳ ಪಟ್ಟಿ, ತಯಾರಕರ ವಿಳಾಸ, ದಿನಾಂಕದ ಪಕ್ಕದ ಬ್ಯಾಚ್ ನಂಬರ್ ಇವುಗಳ ಫೋಟೊ ಬೇಕು. ಫ್ಲ್ಯಾಷ್ ಹಾಕಬೇಡಿ, ಕಿಟಕಿಯ ಪಕ್ಕ ಬಾಟಲಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ತೆಗೆಯಿರಿ. ಫ್ರಾನ್ಸಿನದರಲ್ಲಿ ಹೆಜಲ್‌ನಟ್ ಶೇ. 13, ಕೋಕೊ ಶೇ. 7.4 ಎಂದಿರಬೇಕು. ಇನ್ನೊಂದರ ಅಂಕಿಗಳನ್ನು ಅದರ ಪಕ್ಕದಲ್ಲಿಟ್ಟರೆ ಮಕ್ಕಳ ನಾಲಿಗೆ ಹೇಳಿದ್ದು ಸರಿಯೋ ಅಲ್ಲವೋ ತಿಳಿಯುತ್ತದೆ.