ಪರದೆಯ ಮೇಲೆ ಸರಿಯಿದ್ದ ಅಂಚು ಹಾಳೆಯ ಮೇಲೇಕೆ ಜಾರುತ್ತದೆ?

ಲಗ್ನಪತ್ರಿಕೆಗಳ ಮೇಲೆ ಕೈಯಲ್ಲಿ ವಿಳಾಸ ಬರೆಯುವ ಬದಲು ಸ್ಟಿಕರ್ ಅಂಟಿಸಲು ಹೊರಟವರಿಗೆ ಈ ತೊಂದರೆ ತಟ್ಟನೆ ಕಣ್ಣಿಗೆ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಎ4 ಸ್ಟಿಕರ್ ಹಾಳೆಗಳಲ್ಲಿ ಒಂದು ಬಗೆಯದರಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 8, ಒಟ್ಟು 24 ಚೀಟಿಗಳಿರುತ್ತವೆ. ಒಂದೊಂದರ ಅಳತೆ 64 ಮಿ.ಮೀ. ಅಗಲ, 34 ಮಿ.ಮೀ. ಎತ್ತರ. ಅದೇ ಅಳತೆಗೆ ಮಾಡಿದ ಪಿಡಿಎಫ್ ಪರದೆಯ ಮೇಲೆ ಅಚ್ಚುಕಟ್ಟಾಗಿ ಕಾಣುತ್ತದೆ. ಪ್ರಿಂಟ್ ತೆಗೆದರೆ ನಡುವಿನ ಸಾಲುಗಳು ಸರಿಯಾಗಿ ಕೂತಿರುತ್ತವೆ, ಮೇಲಿನ ಮತ್ತು ಕೆಳಗಿನ ಸಾಲುಗಳ ವಿಳಾಸ ಮಾತ್ರ ಚೀಟಿಯ ಗೆರೆ ದಾಟಿರುತ್ತದೆ.

ಫೈಲಿನಲ್ಲಿ ತಪ್ಪಿಲ್ಲ. ಪಿಡಿಎಫ್ ತನ್ನ ಪುಟದ ಉದ್ದಗಲವನ್ನು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ಎ4 ಎಂದರೆ 210 ಮತ್ತು 297 ಮಿ.ಮೀ. ಪರದೆಗೆ ಆ ಪುಟವನ್ನು ಅಂಚಿನಿಂದ ಅಂಚಿನವರೆಗೆ ತೋರಿಸಲು ಯಾವ ಅಡ್ಡಿಯೂ ಇಲ್ಲ. ಪ್ರಿಂಟರಿಗೆ ಇದೆ. ಮನೆ, ಕಚೇರಿಗಳ ಹೆಚ್ಚಿನ ಲೇಸರ್ ಪ್ರಿಂಟರ್‌ಗಳು ಹಾಳೆಯ ಸುತ್ತ ಸುಮಾರು 4 ಮಿ.ಮೀ. ಪಟ್ಟಿಯನ್ನು ಖಾಲಿ ಬಿಡುತ್ತವೆ. ಹಾಳೆಯನ್ನು ಹಿಡಿದು ಎಳೆಯಲು ಜಾಗ ಬೇಕು, ಅಂಚಿನಾಚೆ ಟೋನರ್ ಚೆಲ್ಲಿ ಒಳಭಾಗಗಳು ಮಲಿನವಾಗಬಾರದು. ಹೀಗಾಗಿ 210 ಮಿ.ಮೀ. ಅಗಲದ ಹಾಳೆಯಲ್ಲಿ ಅಕ್ಷರ ಮೂಡಬಲ್ಲ ಅಗಲ 202 ಮಾತ್ರ.

ಇಲ್ಲೇ `Fit` ಕೆಲಸ ಮಾಡುತ್ತದೆ. ಪುಟದ ಒಂದು ಚೂರೂ ಕಳೆದುಹೋಗದಿರಲಿ ಎಂದು ಅದು ಇಡೀ ಪುಟವನ್ನು ಆ 202 ಮಿ.ಮೀ.ಗೆ ಕುಗ್ಗಿಸಿ, ಹಾಳೆಯ ನಡುವೆ ಇಡುತ್ತದೆ. 202ನ್ನು 210ರಿಂದ ಭಾಗಿಸಿದರೆ ಸುಮಾರು ಶೇ. 96. ಓದುವ ಪತ್ರಕ್ಕೆ ಇಷ್ಟು ವ್ಯತ್ಯಾಸ ಗೊತ್ತೇ ಆಗದು. ಎಡಗಡೆ 25 ಮಿ.ಮೀ. ಬಿಟ್ಟಿದ್ದ ಜಾಗ 28 ಆಗಿರುತ್ತದೆ, ಅಷ್ಟೆ. ಸ್ಟಿಕರ್ ಹಾಳೆಯಲ್ಲಿ ಹಾಗಲ್ಲ. 34 ಮಿ.ಮೀ. ಇರಬೇಕಾದ ಸಾಲು 32.7ಕ್ಕೆ ಇಳಿಯುತ್ತದೆ, ಆ ಕೊರತೆ ಸಾಲಿನಿಂದ ಸಾಲಿಗೆ ಕೂಡುತ್ತಾ ಹೋಗುತ್ತದೆ. ನಡುವಿನ ಎರಡು ಸಾಲುಗಳು ಒಂದು ಮಿ.ಮೀ. ಕೂಡ ಕದಲುವುದಿಲ್ಲ. ಮೊದಲ ಸಾಲು ಮಾತ್ರ ಸುಮಾರು 4.5 ಮಿ.ಮೀ. ಕೆಳಕ್ಕೂ ಕೊನೆಯದು ಅಷ್ಟೇ ಮೇಲಕ್ಕೂ ಸರಿದಿರುತ್ತದೆ.

ಈ ಲಕ್ಷಣವನ್ನು ಗುರುತಿಟ್ಟುಕೊಳ್ಳುವುದು ಮುಖ್ಯ. ಎಲ್ಲವೂ ನಡುವಿನ ಕಡೆಗೆ ಸರಿದಿದ್ದರೆ ಪುಟ ಕುಗ್ಗಿದೆ ಎಂದರ್ಥ. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ಕಾಗದ ಸಡಿಲವಾಗಿ ಒಳಹೋಗಿದೆ. ಕಣ್ಣಂದಾಜು ಸಾಲದಿದ್ದರೆ ಪುಟದಲ್ಲಿ 100 ಮಿ.ಮೀ. ಗೆರೆಯೊಂದನ್ನು ಎಳೆದು, ಸಾದಾ ಕಾಗದದ ಮೇಲೆ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ನೋಡಿ. 96 ಬಂದರೆ ಕಾರಣ `Fit`. 92ರ ಹತ್ತಿರ ಬಂದರೆ ಎರಡು ಸಲ ಕುಗ್ಗಿರುವ ಸಾಧ್ಯತೆ ಹೆಚ್ಚು: ಒಮ್ಮೆ ಪಿಡಿಎಫ್ ತೆರೆದ ತಂತ್ರಾಂಶದಲ್ಲಿ, ಇನ್ನೊಮ್ಮೆ ಪ್ರಿಂಟರಿನ ಸ್ವಂತ ಸೆಟ್ಟಿಂಗ್‌ನಲ್ಲಿ. ಆಗ ಎರಡೂ ಕಡೆ ಸರಿಪಡಿಸಬೇಕು.

ಅಡೋಬಿ ರೀಡರಿನಲ್ಲಿ ಪ್ರಿಂಟ್ ಕೊಡುವಾಗ `Actual size` ಆರಿಸಿದರೆ ಕುಗ್ಗುವಿಕೆ ನಿಲ್ಲುತ್ತದೆ. ಪಕ್ಕದಲ್ಲೇ ಇರುವ `Shrink oversized pages` ಸುರಕ್ಷಿತ ಎನಿಸಿದರೂ ನಂಬಬೇಡಿ. ಎ4 ಪುಟವನ್ನೂ ಪ್ರಿಂಟಾಗುವ ಜಾಗಕ್ಕಿಂತ ದೊಡ್ಡದೆಂದು ಎಣಿಸಿ ಅದು ಕುಗ್ಗಿಸಿಬಿಡಬಹುದು. ಮುನ್ನೋಟದ ಚಿತ್ರದ ಮೇಲೆ `Scale` ಎಂದು ತೋರುವ ಅಂಕಿ 100 ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ಕ್ರೋಮ್‌ನಿಂದ ಪ್ರಿಂಟ್ ತೆಗೆಯುವವರು `More settings` ಒಳಗಿನ `Scale`ನಲ್ಲಿ `Custom` ಆರಿಸಿ 100 ಹಾಕಬಹುದು.

ಹಾಗೆಂದು `Actual size` ಎಲ್ಲಕ್ಕೂ ಮದ್ದಲ್ಲ. ಪ್ರಿಂಟರ್ ಮುಟ್ಟದ ಆ 4 ಮಿ.ಮೀ. ಪಟ್ಟಿಯಲ್ಲಿ ಏನಿದ್ದರೂ ಅದು ಮೂಡುವುದಿಲ್ಲ. ಪುಟದ ತುದಿಯಲ್ಲೇ ಚೌಕಟ್ಟಿರುವ ಪ್ರಮಾಣಪತ್ರಕ್ಕೆ `Fit` ಕೊಡುವುದೇ ಸರಿ, ಇಲ್ಲವಾದರೆ ಚೌಕಟ್ಟು ಹರಿದುಹೋಗುತ್ತದೆ.

ಇನ್ನೊಂದು ತೊಡಕು ಅಮೆರಿಕದ `Letter` ಹಾಳೆಯದು. ಅದು 216 ಮಿ.ಮೀ. ಅಗಲ, 279 ಉದ್ದ. ಎ4ಗಿಂತ ಅಗಲ, ಆದರೆ ಗಿಡ್ಡ. ಆ ಅಳತೆಯ ಪಿಡಿಎಫ್ ಅನ್ನು ಎ4 ಮೇಲೆ `Actual size`ನಲ್ಲಿ ತೆಗೆದರೆ ಎರಡೂ ಬದಿ ಕತ್ತರಿಸುತ್ತದೆ, ಮೇಲೆ ಕೆಳಗೆ ಬಿಳಿ ಜಾಗ ಉಳಿಯುತ್ತದೆ. ಫೈಲಿನ `Properties` ತೆರೆದು `Page Size` ನೋಡಿ. ಅಲ್ಲಿ 8.27 × 11.69 ಇಂಚು ಇದ್ದರೆ ಎ4, 8.5 × 11 ಇದ್ದರೆ `Letter`. ಎರಡನೆಯದಾದರೆ ಪ್ರಿಂಟ್ ಸೆಟ್ಟಿಂಗ್ ಬದಲಿಸಿ ಫಲವಿಲ್ಲ, ಫೈಲನ್ನೇ ಎ4 ಪುಟದಲ್ಲಿ ಮತ್ತೆ ಮಾಡಬೇಕು.

ಸ್ಟಿಕರ್ ಹಾಳೆ ಹಾಳುಮಾಡುವ ಮೊದಲು ಸಾದಾ ಕಾಗದದ ಪ್ರಿಂಟನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಗೆರೆಯ ಉದ್ದ ಸರಿಯಿದ್ದೂ ಎಲ್ಲ ಸಾಲುಗಳು ಒಂದೆರಡು ಮಿ.ಮೀ. ಒಂದೇ ಕಡೆ ವಾಲಿದ್ದರೆ, ಟ್ರೇಯ ಬದಿಯ ತಡೆಗಳನ್ನು ಕಾಗದಕ್ಕೆ ತಾಗುವಂತೆ ಒತ್ತಿ ಇನ್ನೊಮ್ಮೆ ತೆಗೆಯಿರಿ.